ಪ್ರಶ್ನೋತ್ತರ: ರೆಕಾರ್ಡ್ ಆಗುವ 90 ಸೆಕೆಂಡಿನ ಸ್ವಪರಿಚಯಕ್ಕೆ ತಯಾರಾಗುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸಿವಿಲ್ ಬಿ.ಇ. ಎರಡು ವರ್ಷದಿಂದ ಕುಡಿಯುವ ನೀರಿನ ಯೋಜನೆಯಲ್ಲಿ ಸೈಟ್ ಎಂಜಿನಿಯರ್. ಒಂದು ಬಡಾವಣೆಯಲ್ಲಿ ಕೊನೆಯ ಮನೆಗಳಿಗೆ ನೀರು ಏರುತ್ತಿರಲಿಲ್ಲ, ಅದನ್ನು ಸರಿಮಾಡಿದ್ದು ಬಿಟ್ಟರೆ ಹೇಳಿಕೊಳ್ಳುವಂಥ ದೊಡ್ಡ ಸಾಧನೆ ಇಲ್ಲ. ಕೆನಡಾದ ಒಂದು ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್‌ಗೆ ಅರ್ಜಿ ಹಾಕಿದ್ದೆ, ವಿಡಿಯೊ ಸಂದರ್ಶನದ ಲಿಂಕ್ ಬಂದಿದೆ. ಮೊದಲನೆಯದು ಸ್ವಪರಿಚಯ: ಯೋಚಿಸಲು 30 ಸೆಕೆಂಡ್, ಹೇಳಲು 90 ಸೆಕೆಂಡ್, ಒಂದೇ ಅವಕಾಶ. ಒಂದು ಪುಟ ಬರೆದು ಬಾಯಿಪಾಠ ಮಾಡಿದ್ದೇನೆ. ಫೋನ್ ಮುಂದೆ ಕೂತರೆ ಮಧ್ಯದಲ್ಲಿ ಎಲ್ಲ ಮರೆತು ತಲೆ ಖಾಲಿಯಾಗುತ್ತದೆ, ದನಿ ನಡುಗುತ್ತದೆ. ಪರದೆ ಪಕ್ಕ ಬರೆದು ಅಂಟಿಸಿಕೊಳ್ಳಲೇ? ನನ್ನ ಇಂಗ್ಲಿಷ್ ಉಚ್ಚಾರಣೆ ಅಡ್ಡಿಯಾಗುತ್ತದೆಯೇ? ಇನ್ನು ಹತ್ತು ದಿನ ಇದೆ.

ಉತ್ತರ: ಮೊದಲು ಒಂದು ವ್ಯತ್ಯಾಸ ತಿಳಿದಿರಲಿ, ಏಕೆಂದರೆ ಯೂಟ್ಯೂಬ್‌ನಲ್ಲಿ ಸಿಗುವ ಅರ್ಧಕ್ಕರ್ಧ ಸಲಹೆ ನಿಮಗೆ ಹೊಂದುವುದಿಲ್ಲ. ಪ್ರವೇಶಕ್ಕೆ ಕೇಳುವ ವಿಡಿಯೊ ಪರಿಚಯದಲ್ಲಿ ಎರಡು ಬಗೆ. ಒಂದು, ನೀವೇ ಮನೆಯಲ್ಲಿ ರೆಕಾರ್ಡ್ ಮಾಡಿ ಫೈಲ್ ಕಳಿಸುವುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ ಪದವಿ ಅರ್ಜಿದಾರರಿಂದ ಪಡೆಯುವ 90 ಸೆಕೆಂಡಿನ ವಿಡಿಯೊ ಈ ಬಗೆಯದು. ಎಂಐಟಿ ಸ್ಲೋನ್ ಎಂಬಿಎಗೆ ಕೇಳುತ್ತ ಬಂದಿರುವ, ಎಡಿಟ್ ಮಾಡದ 60 ಸೆಕೆಂಡಿನ ವಿಡಿಯೊ ಕೂಡ ಇದೇ. ಅಲ್ಲಿ ಹತ್ತು ಸಲ ತೆಗೆದು, ಚೆನ್ನಾಗಿ ಬಂದದ್ದನ್ನು ಕಳಿಸಬಹುದು. ಇನ್ನೊಂದು, ಲಿಂಕ್ ತೆರೆದ ಮೇಲೆ ಪ್ರಶ್ನೆ ಕಾಣಿಸಿಕೊಂಡು ಗಡಿಯಾರ ಓಡುವಂಥದ್ದು. ಕೆಲಾಗ್ ಬಿಸಿನೆಸ್ ಸ್ಕೂಲಿನ ವಿಡಿಯೊ ಪ್ರಶ್ನೆಗಳಿಗೆ ಯೋಚಿಸಲು 20 ಸೆಕೆಂಡ್, ಹೇಳಲು 1 ನಿಮಿಷ ಎಂಬ ಪದ್ಧತಿ ಇದೆ. ಕೆನಡಾದ್ದೇ ಆದ ಕಿರಾ ಟ್ಯಾಲೆಂಟ್ ವೇದಿಕೆಯನ್ನು ಬಳಸುವ ಶಾಲೆಗಳೂ ಹೀಗೇ ಸಮಯ ಕಟ್ಟುತ್ತವೆ. ನಿಮ್ಮದು ಈ ಎರಡನೇ ಬಗೆ. ಪದಪದವನ್ನೂ ತಿದ್ದಿ ತೀಡಿದ ಪಠ್ಯ ಮೊದಲ ಬಗೆಗೆ ನಡೆದೀತು, ನಿಮ್ಮದಕ್ಕೆ ಅದೇ ಅಪಾಯ.

ಈಗ ನಿಮ್ಮ ಒಂದು ಪುಟದ ಲೆಕ್ಕ ನೋಡೋಣ. ಟೈಪ್ ಮಾಡಿದ ಒಂದು ಪುಟ ಎಂದರೆ ಸುಮಾರು 400ರಿಂದ 450 ಇಂಗ್ಲಿಷ್ ಪದ. ಕೇಳುವವರಿಗೆ ಆರಾಮಾಗಿ ಅರ್ಥವಾಗುವ ವೇಗ ನಿಮಿಷಕ್ಕೆ 120–130 ಪದ. ಅಂದರೆ ನಿಮ್ಮ ಕೈಯಲ್ಲಿರುವುದು ಮೂರೂವರೆ ನಿಮಿಷದ ಭಾಷಣ. ಅದನ್ನು 90 ಸೆಕೆಂಡಿಗೆ ತುರುಕಲು ಹೋದಾಗ ಉಸಿರಿಗೆ ಜಾಗ ಇರುವುದಿಲ್ಲ. ಉಸಿರಿಲ್ಲದಿದ್ದರೆ ದನಿ ಮೇಲಕ್ಕೆ ಹೋಗಿ ನಡುಗುತ್ತದೆ. ನಿಮ್ಮ ದನಿ ನಡುಗಲು ಹೆದರಿಕೆಯಷ್ಟೇ ಕಾರಣವಲ್ಲ, ಆ ಪುಟದ ಉದ್ದವೂ ಕಾರಣ. 90 ಸೆಕೆಂಡ್ ಸಿಕ್ಕಿದೆ ಎಂದರೆ 75ರಿಂದ 80 ಸೆಕೆಂಡಿನಲ್ಲಿ ಮುಗಿಯುವಂತೆ ಇಟ್ಟುಕೊಳ್ಳಿ, ಸುಮಾರು 160 ಪದ. ಹತ್ತು ಸೆಕೆಂಡ್ ಮೊದಲೇ ನಿಲ್ಲಿಸಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಆದರೆ ಸಮಯ ಮುಗಿದು ಕೊನೆಯ ವಾಕ್ಯ ಅರ್ಧಕ್ಕೆ ಕತ್ತರಿಸಿ ಹೋದರೆ, ಈ ಕೋರ್ಸ್ ಏಕೆ ಬೇಕು ಎಂಬ ಮುಖ್ಯ ಮಾತೇ ಅವರಿಗೆ ತಲುಪುವುದಿಲ್ಲ.

ಮಧ್ಯದಲ್ಲಿ ತಲೆ ಖಾಲಿಯಾಗುವುದಕ್ಕೆ ಕಾರಣ ಬೇರೆ. ಬಾಯಿಪಾಠದಲ್ಲಿ ಒಂದು ವಾಕ್ಯವೇ ಮುಂದಿನ ವಾಕ್ಯವನ್ನು ನೆನಪಿಸಬೇಕು. ಮಗ್ಗಿ ಹೇಳುವ ಮಗುವನ್ನು ಮಧ್ಯದಲ್ಲಿ ತಡೆದರೆ ಅದು ಮತ್ತೆ ಮೊದಲಿನಿಂದಲೇ ಶುರು ಮಾಡುತ್ತದಲ್ಲ, ಅದೇ ಇಲ್ಲೂ ಆಗುವುದು. ಒಂದು ಪದ ತಪ್ಪಿದರೆ ಮುಂದಿನದಕ್ಕೆ ಹೋಗಲು ದಾರಿಯೇ ಇಲ್ಲ. ಹೆದರಿಕೆ ಇದ್ದಾಗ ಒಂದು ಪದ ತಪ್ಪುವುದು ಸಹಜ. ಹಾಗಾಗಿ ಇನ್ನೂ ಗಟ್ಟಿಯಾಗಿ ಬಾಯಿಪಾಠ ಮಾಡುವುದರಿಂದ ಪರಿಹಾರ ಸಿಗುವುದಿಲ್ಲ. ಒಂದು ಕಡೆ ತಪ್ಪಿದರೂ ಮುಂದಿನ ಮಾತನ್ನು ಹಿಡಿಯಲು ಆಗುವಂತೆ ಪರಿಚಯವನ್ನು ಕಟ್ಟಬೇಕು.

ಕಟ್ಟುವ ಮೊದಲು, ಏನು ಹೇಳಬಾರದು ಎಂಬುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆಂದು ಕಲಿಸುವ ಒಂದು ಅಚ್ಚು ಇದೆ: ‘ಮೈಸೆಲ್ಫ್ ಇಂಥವರು’, ಊರು, ಅಪ್ಪ ಏನು ಮಾಡುತ್ತಾರೆ, ಅಮ್ಮ ಗೃಹಿಣಿ, ಹತ್ತನೇ ತರಗತಿಯಲ್ಲಿ ಇಷ್ಟು ಪರ್ಸೆಂಟ್, ಪಿಯುಸಿಯಲ್ಲಿ ಇಷ್ಟು, ಸಿಜಿಪಿಎ ಇಷ್ಟು, ‘ಹಾರ್ಡ್‌ವರ್ಕಿಂಗ್’, ಹವ್ಯಾಸ ಹಾಡು ಕೇಳುವುದು, ‘ದಟ್ಸ್ ಆಲ್ ಅಬೌಟ್ ಮಿ’. ನೀವು ಬರೆದ ಪುಟವೂ ಹೆಚ್ಚುಕಡಿಮೆ ಹೀಗೇ ಇರಬಹುದು ಎಂದು ನನ್ನ ಊಹೆ. ಇದರಲ್ಲಿ ಅಂಕಗಳೆಲ್ಲ ಅರ್ಜಿಯಲ್ಲೇ ಇವೆ. ವಿಡಿಯೊ ನೋಡುವವರ ಮುಂದೆ ಆ ಅರ್ಜಿ ತೆರೆದೇ ಇರುತ್ತದೆ. ಅವರು ವಿಡಿಯೊದಲ್ಲಿ ಹುಡುಕುವುದು ಕಾಗದದಲ್ಲಿ ಸಿಗದಿದ್ದನ್ನು: ಈ ವ್ಯಕ್ತಿ ತಾನು ಮಾಡಿದ ಕೆಲಸವನ್ನು ಬೇರೆಯವರಿಗೆ ಅರ್ಥವಾಗುವಂತೆ ಹೇಳಬಲ್ಲರೇ, ತರಗತಿಯ ಗುಂಪು ಚರ್ಚೆಯಲ್ಲಿ ಇವರ ಮಾತು ಹೇಗಿರುತ್ತದೆ, ಅರ್ಜಿಯಲ್ಲಿ ಪ್ರಬಂಧ ಬರೆದವರು ನಿಜಕ್ಕೂ ಇವರೇನಾ.

ಹಾಗೆ ನೋಡಿದರೆ ನೀವು ‘ಬಿಟ್ಟರೆ’ ಎಂದು ತಳ್ಳಿಹಾಕಿದ ಆ ಬಡಾವಣೆಯ ನೀರೇ ನಿಮ್ಮ ಪರಿಚಯ. ಅದನ್ನು ಬಿಡಿಸಿ ತೋರಿಸುತ್ತೇನೆ. ವಿವರಗಳು ನನ್ನ ಊಹೆ, ನಿಜವಾಗಿ ನಡೆದದ್ದನ್ನು ನೀವು ಅದೇ ಜಾಗದಲ್ಲಿ ತುಂಬಿಕೊಳ್ಳಿ.

ಕೊನೆಯ ಮನೆಗಳಿಗೆ ನೀರು ಏರದಿದ್ದಾಗ ಎಲ್ಲರೂ ಮೊದಲು ಹೇಳುವುದು ಪೈಪು ಸಣ್ಣದಾಯಿತು ಅಂತ. ನೀವು ಹಾಗೆಂದುಕೊಳ್ಳದೆ ನಲ್ಲಿಗೆ ಪ್ರೆಶರ್ ಗೇಜ್ ಹಾಕಿ, ನೀರು ಬಿಡುವ ಹೊತ್ತಿನಲ್ಲಿ ಮನೆಯಿಂದ ಮನೆಗೆ ಒತ್ತಡ ಅಳೆಯುತ್ತ ಹೋದಿರಿ ಎಂದುಕೊಳ್ಳೋಣ. ಒಂದು ತಿರುವಿನ ಆಚೆ ಒತ್ತಡ ಥಟ್ಟನೆ ಬಿದ್ದಿತ್ತು. ಅಲ್ಲಿ ರಸ್ತೆ ಕೆಲಸದವರು ಮಣ್ಣು ಮುಚ್ಚಿದ್ದ ಒಂದು ವಾಲ್ವ್ ಅರ್ಧ ಮುಚ್ಚಿತ್ತು. ವಾಲ್ವ್ ತಿರುಗಿಸಲು ಅರ್ಧ ಗಂಟೆ ಸಾಕಾಯಿತು. ಆದರೆ ರಸ್ತೆ ಅಗೆಯಲು ಅನುಮತಿ, ಗುತ್ತಿಗೆದಾರರ ಒಪ್ಪಿಗೆ, ನೀರುಗಂಟಿಯ ವೇಳಾಪಟ್ಟಿ ಎಲ್ಲ ಹೊಂದಿಸಲು ವಾರಗಳೇ ಹಿಡಿದವು. ಮ್ಯಾನೇಜ್‌ಮೆಂಟ್ ಕೋರ್ಸ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಕಾರಣವನ್ನು ನೀವು ಹುಡುಕಿಕೊಂಡು ಹೋಗಬೇಕಿಲ್ಲ.

ಇದನ್ನು ಮೂರು ಗುರುತುಗಳಾಗಿ ಮಾಡಿ: ಗೇಜ್, ಅನುಮತಿ, ಕೋರ್ಸ್. ಹೆಸರು, ಊರು, ಕೆಲಸಕ್ಕೆ ಮೊದಲ 10 ಸೆಕೆಂಡ್. ಗೇಜ್ ಎಂಬಲ್ಲಿ ಸಮಸ್ಯೆ ಏನು, ನೀವು ಹೇಗೆ ಪತ್ತೆ ಮಾಡಿದಿರಿ ಎಂಬುದಕ್ಕೆ 35 ಸೆಕೆಂಡ್. ಇದೇ ಪರಿಚಯದ ತಿರುಳು, ಇಲ್ಲಿ ಆತುರ ಬೇಡ. ಅನುಮತಿ ಎಂಬಲ್ಲಿ, ಎಂಜಿನಿಯರಿಂಗ್ ಗೊತ್ತಿದ್ದರೂ ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬುದಕ್ಕೆ 20 ಸೆಕೆಂಡ್. ಕೋರ್ಸ್ ಎಂಬಲ್ಲಿ, ಅವರ ಪಠ್ಯಕ್ರಮದ ಯಾವ ಒಂದು ವಿಷಯ ನಿಮ್ಮ ಆ ಕೊರತೆಗೆ ಉತ್ತರ ಎಂದು 15 ಸೆಕೆಂಡ್. ಆ ವಿಷಯದ ಹೆಸರನ್ನು ಅವರ ವೆಬ್‌ಸೈಟಿನಲ್ಲಿ ಇರುವ ಹಾಗೆಯೇ ಹೇಳಿ. ‘ವಿಶ್ವದರ್ಜೆಯ ಶಿಕ್ಷಣ’ ಎಂಬಂಥ ಮಾತು ಬೇಡ, ಅದನ್ನು ಯಾವ ವಿಶ್ವವಿದ್ಯಾಲಯಕ್ಕಾದರೂ ಹೇಳಬಹುದು.

ಬಾಯಿಪಾಠ ಮಾಡಬೇಕಾದದ್ದು ಎರಡೇ ವಾಕ್ಯ: ಮೊದಲನೆಯದು ಮತ್ತು ಕೊನೆಯದು. ಹೆದರಿಕೆ ಅತಿ ಹೆಚ್ಚಿರುವುದು ಮೊದಲ ಕೆಲವು ಸೆಕೆಂಡುಗಳಲ್ಲಿ, ಆಗ ಬಾಯಿ ತಾನಾಗಿ ಹೇಳಿಕೊಂಡು ಹೋಗುವಂತಿರಬೇಕು. ಕೊನೆಯ ವಾಕ್ಯ ಗೊತ್ತಿದ್ದರೆ ‘ಸೋ, ಯಾ, ದಟ್ಸ್ ಇಟ್’ ಎಂದು ತಡಬಡಾಯಿಸುವುದು ತಪ್ಪುತ್ತದೆ. ನಡುವಿನದ್ದನ್ನು ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಹೇಳಿ, ಬೇಕೆಂದೇ ಹಾಗೆ ಮಾಡಿ.

ಹತ್ತು ದಿನ ಇದಕ್ಕೆ ಧಾರಾಳ. ಮೊದಲ ಎರಡು ದಿನ ಇಂಗ್ಲಿಷ್ ಮುಟ್ಟಬೇಡಿ. ಸೈಟ್ ಗೊತ್ತಿಲ್ಲದ ಗೆಳತಿಗೋ ಅಕ್ಕನಿಗೋ ಈ ನೀರಿನ ಕಥೆಯನ್ನು ಕನ್ನಡದಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ‘ಆಮೇಲೆ?’ ಎಂದು ಕೇಳಿದ ಜಾಗ ಇಟ್ಟುಕೊಳ್ಳಬೇಕಾದ್ದು, ಅವರ ಗಮನ ಬೇರೆಡೆ ಹೋದ ಜಾಗ ಬಿಡಬೇಕಾದ್ದು. ಮೂರನೇ ದಿನದಿಂದ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ, ದಿನಕ್ಕೆ ನಾಲ್ಕೈದು ಸಲ, ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಸಲವೂ ಒಂದೇ ಕಡೆ ತಡವರಿಸುತ್ತೀರಾದರೆ ಅಲ್ಲಿರುವ ಪದ ನಿಮ್ಮದಲ್ಲ ಎಂದರ್ಥ. ‘ಇನಡಿಕ್ವೇಟ್ ರೆಸಿಡ್ಯುಯಲ್ ಪ್ರೆಶರ್’ ಎಂದು ನಾಲಿಗೆ ತೊಡರುತ್ತಿದ್ದರೆ ‘ದಿ ಪ್ರೆಶರ್ ವಾಸ್ ಟೂ ಲೋ’ ಎನ್ನಿ. ಆರನೇ ದಿನದಿಂದ 30 ಸೆಕೆಂಡ್ ಯೋಚನೆ, 90 ಸೆಕೆಂಡ್ ಮಾತು ಎಂದು ಟೈಮರ್ ಇಟ್ಟೇ ಮಾಡಿ. ಪ್ರಶ್ನೆಯನ್ನು ಬೇರೆಯವರು ಕೇಳಲಿ, ಅದೂ ಬೇರೆ ಬೇರೆ ರೀತಿಯಲ್ಲಿ. ಇದು ಮುಖ್ಯ: ಆ ದಿನ ‘ನಿಮ್ಮ ಪರಿಚಯ ಮಾಡಿಕೊಳ್ಳಿ’ ಬದಲು ‘ಅರ್ಜಿಯಲ್ಲಿ ಇಲ್ಲದ ಒಂದು ವಿಷಯ ಹೇಳಿ’ ಎಂದೋ ‘ಸಹಪಾಠಿಗಳು ನಿಮ್ಮ ಬಗ್ಗೆ ಏನು ತಿಳಿದಿರಬೇಕು’ ಎಂದೋ ಬರಬಹುದು. ತಯಾರಿಸಿದ ಭಾಷಣವನ್ನೇ ಅಲ್ಲಿಗೆ ತುರುಕಿದರೆ ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಗುರುತುಗಳಾಗಿ ಇಟ್ಟುಕೊಂಡಿದ್ದರೆ ಪ್ರಶ್ನೆಗೆ ಬೇಕಾದ ಒಂದರಿಂದ ಶುರು ಮಾಡಬಹುದು. ಸಂದರ್ಶನದ ಹಿಂದಿನ ದಿನ ಅಭ್ಯಾಸ ನಿಲ್ಲಿಸಿ.

ಪರದೆ ಪಕ್ಕ ಚೀಟಿ ಅಂಟಿಸುವ ಬಗ್ಗೆ. ಪೂರ್ತಿ ಪಠ್ಯ ಬೇಡ. ಓದುವಾಗ ಕಣ್ಣು ಎಡದಿಂದ ಬಲಕ್ಕೆ ಸರಿದು ಮತ್ತೆ ಎಡಕ್ಕೆ ಜಿಗಿಯುತ್ತದೆ, ಮುಖ ಹತ್ತಿರದಿಂದ ಕಾಣುವ ವಿಡಿಯೊದಲ್ಲಿ ಅದು ಎದ್ದು ಕಾಣುತ್ತದೆ. ದನಿಯೂ ಓದುವ ದನಿಯಾಗಿ ಏರಿಳಿತ ಕಳೆದುಕೊಳ್ಳುತ್ತದೆ. ಟೆಲಿಪ್ರಾಂಪ್ಟರ್ ಆ್ಯಪ್‌ನಲ್ಲೂ ಇದೇ ತೊಂದರೆ. ಮೂರು ಪದಗಳ ಒಂದು ಸಣ್ಣ ಚೀಟಿಯನ್ನು ಕ್ಯಾಮೆರಾದ ಲೆನ್ಸಿಗೆ ತಾಗಿದಂತೆ, ಅದರ ಕೆಳಗೆ ದಪ್ಪಕ್ಷರದಲ್ಲಿ ಅಂಟಿಸಿಕೊಂಡರೆ ಕಣ್ಣು ಹೊರಳುವುದಿಲ್ಲ. ಆದರೆ ಮೊದಲು ನಿಮಗೆ ಬಂದ ಇಮೇಲ್‌ನಲ್ಲಿ ಟಿಪ್ಪಣಿ ಬಳಸುವ ಬಗ್ಗೆ ನಿಯಮ ಇದೆಯೇ ಎಂದು ಓದಿ. ಬೇಡ ಎಂದಿದ್ದರೆ ಆ ಮೂರು ಪದವೂ ಬೇಡ. ನಿಯಮ ಮುರಿದದ್ದು ಗೊತ್ತಾದರೆ ಪ್ರಶ್ನೆ ಬರುವುದು ನಿಮ್ಮ ಪ್ರಾಮಾಣಿಕತೆಯ ಮೇಲೆ.

ಹೆದರಿಕೆಯ ಬಗ್ಗೆ ಎರಡು ಅಧ್ಯಯನಗಳನ್ನು ಹೇಳುತ್ತೇನೆ, ಎರಡೂ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡಿದವರು ತಮ್ಮ ಹೆದರಿಕೆ ಎಲ್ಲರಿಗೂ ಕಾಣುತ್ತಿದೆ ಎಂದುಕೊಂಡಷ್ಟು ಅದು ಕೇಳುಗರಿಗೆ ಕಂಡಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದಾಗ ಭಾಷಣ ಉತ್ತಮವಾಯಿತು ಎಂಬುದು ಅದರಲ್ಲಿನ ಒಳ್ಳೆಯ ಭಾಗ. ನಿಮ್ಮ ಎದೆ ಬಡಿತ ನಿಮಗೆ ಕೇಳಿಸುತ್ತದೆ, ಮೈಕ್‌ಗೆ ಕೇಳಿಸುವುದಿಲ್ಲ. ಬೇಕಿದ್ದರೆ ನಿಮ್ಮ ಅತಿ ಕೆಟ್ಟ ರೆಕಾರ್ಡಿಂಗ್ ಅನ್ನು ಒಂದು ದಿನ ಬಿಟ್ಟು ನೋಡಿ, ಆಗ ಅನಿಸಿದ ನಡುಕದಲ್ಲಿ ಎಷ್ಟು ಕಾಣುತ್ತದೆ ಎಂದು ನೀವೇ ಅಳೆಯಬಹುದು. ಇನ್ನೊಂದು, ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದ್ದು: ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹ ಬಂದಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಹೊಡೆದುಕೊಳ್ಳುವ ಎದೆಯನ್ನು ಶಾಂತವಾಗು ಎಂದರೆ ಅದು ಕೇಳುವುದಿಲ್ಲ. ಉತ್ಸಾಹದಲ್ಲೂ ಎದೆ ಹೀಗೇ ಹೊಡೆದುಕೊಳ್ಳುವುದರಿಂದ ಆ ಹೆಸರಿಗೆ ಅದು ಒಗ್ಗುತ್ತದೆ.

ಆ 30 ಸೆಕೆಂಡಿನಲ್ಲಿ ಮಾಡಬೇಕಾದ್ದು ಇಷ್ಟೇ. ಪ್ರಶ್ನೆಯನ್ನು ಎರಡು ಸಲ ಓದಿ. ಮೂರು ಗುರುತುಗಳನ್ನು ಬೆರಳು ಮಡಿಸಿ ಎಣಿಸಿ. ಎರಡು ಸಲ ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡಿ. ಕೊನೆಯ ಐದು ಸೆಕೆಂಡಿನಲ್ಲಿ ಮೊದಲ ವಾಕ್ಯವನ್ನು ತುಟಿಯಲ್ಲೇ ಹೇಳಿಕೊಳ್ಳಿ. ಹೊಸ ವಾಕ್ಯ ಕಟ್ಟಲು ಹೋಗಬೇಡಿ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮಾತಿನ ಮಧ್ಯೆ ಖಾಲಿಯಾದರೆ ಬಾಯಿ ಮುಚ್ಚಿ ಎರಡು ಸೆಕೆಂಡ್ ಸುಮ್ಮನಿದ್ದು, ಅರ್ಧವಾದ ವಾಕ್ಯವನ್ನು ಅಲ್ಲೇ ಬಿಟ್ಟು ಮುಂದಿನ ಗುರುತಿಗೆ ಹೋಗಿ. ‘ಸಾರಿ’ ಬೇಡ, ‘ಲೆಟ್ ಮಿ ಸ್ಟಾರ್ಟ್ ಅಗೇನ್’ ಬೇಡ. ನಿಮಗೆ ಯುಗದಂತೆ ಅನಿಸುವ ಆ ಎರಡು ಸೆಕೆಂಡ್ ಕೇಳುವವರಿಗೆ ಯೋಚಿಸಿ ಮಾತಾಡುವವರ ವಿರಾಮ.

ಎದೆ ಬಡಿತ ತಗ್ಗಿಸಲೆಂದು ಗೆಳೆಯರು ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ತೊದಲು ಅಥವಾ ಬೇರೆ ಆರೋಗ್ಯದ ಕಾರಣಕ್ಕೆ ಹೆಚ್ಚು ಸಮಯ ಬೇಕಾದವರು ಲಿಂಕ್ ತೆರೆಯುವ ಮೊದಲೇ ಪ್ರವೇಶ ಕಚೇರಿಗೆ ಬರೆದು ಕೇಳಬೇಕು. ತೆರೆದ ಮೇಲೆ ಕೇಳಿದರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಉಚ್ಚಾರಣೆಗೆ ಬರೋಣ. ಮರ್ರಿ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಎಂಬ ಕೆನಡಾದ ಸಂಶೋಧಕರು 1995ರಲ್ಲೇ ತೋರಿಸಿದ್ದಾರೆ: ಒಬ್ಬರ ಮಾತಿನ ಧಾಟಿ ಎಷ್ಟು ಪರದೇಶಿ ಅನಿಸುತ್ತದೆ ಎಂಬುದೂ ಅದು ಎಷ್ಟು ಅರ್ಥವಾಗುತ್ತದೆ ಎಂಬುದೂ ಬೇರೆ ಬೇರೆ. ದಟ್ಟ ಧಾಟಿಯ ಮಾತೂ ಪೂರ್ತಿ ಅರ್ಥವಾಗಬಲ್ಲದು. ಹಾಗಾಗಿ ಹತ್ತು ದಿನದಲ್ಲಿ ಅಮೆರಿಕನ್ ಧಾಟಿ ಕಲಿಯಲು ಹೋಗಬೇಡಿ, ಅದು ಮಧ್ಯದಲ್ಲಿ ಕಳಚಿಬಿದ್ದು ಇನ್ನಷ್ಟು ಗಲಿಬಿಲಿ ಮಾಡುತ್ತದೆ. ಕೆಲಸ ಮಾಡಬೇಕಾದ್ದು ಎರಡು ಕಡೆ. ಒಂದು, ನಮ್ಮ ಹೆಸರುಗಳು. ನಿಮ್ಮ ಹೆಸರು, ‘ದಾವಣಗೆರೆ’, ಕಾಲೇಜಿನ ಹೆಸರು ನಿಮಗೆ ಎಷ್ಟು ರೂಢಿಯೋ ಅಷ್ಟೇ ವೇಗವಾಗಿ ಬಾಯಿಂದ ಬರುತ್ತವೆ, ಆದರೆ ಕೇಳುವವರಿಗೆ ಅವು ಪೂರ್ತಿ ಹೊಸವು. ಮೊದಲ ಹತ್ತು ಸೆಕೆಂಡಿನಲ್ಲೇ ಅವರು ಎರಡು ಪದ ಕಳೆದುಕೊಂಡರೆ ಅದನ್ನೇ ಯೋಚಿಸುತ್ತ ಮುಂದಿನದನ್ನೂ ಕಳೆದುಕೊಳ್ಳುತ್ತಾರೆ. ಹೆಸರು ಹೇಳಿ ಅರ್ಧ ಕ್ಷಣ ನಿಲ್ಲಿ. ಊರು ಹೇಳಿದ ಮೇಲೆ ‘ದಕ್ಷಿಣ ಭಾರತದ ನಗರ’ ಎಂದು ಸೇರಿಸಿ. ಇನ್ನೊಂದು, ಪದದ ಕೊನೆಯ ವ್ಯಂಜನ. ‘ಫಿಕ್ಸ್ಡ್’, ‘ವರ್ಕ್ಡ್’ ಎಂಬಲ್ಲಿ ಕೊನೆಯ ಸದ್ದು ನುಂಗಿದರೆ ಮುಗಿದ ಕೆಲಸ ಮುಗಿಯದಂತೆ ಕೇಳಿಸುತ್ತದೆ.

ಇನ್ನು ಕೋಣೆ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಲ್ಯಾಪ್‌ಟಾಪ್ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಲೆನ್ಸ್ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಒಂದು ತೋಳಿನಳತೆ ದೂರ ಕೂರಿ. ಪರದೆಯ ಮೇಲೆ ಕಾಣುವ ನಿಮ್ಮದೇ ಮುಖದ ಮೇಲೆ ಒಂದು ಸ್ಟಿಕ್ಕಿ ನೋಟ್ ಅಂಟಿಸಿ. ಹೆದರಿದವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಆಗ ಮಾತಿನ ಮೇಲಿದ್ದ ಗಮನ ಮುಖದ ಮೇಲೆ ಬೀಳುತ್ತದೆ. ಆದರೆ ಗಡಿಯಾರ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಫ್ಯಾನ್ ಆರಿಸಿ, ಅದರ ಸದ್ದು ನಮಗೆ ರೂಢಿಯಾಗಿದೆ, ಮೈಕ್ ಮಾತ್ರ ಅದನ್ನು ಬಿಡದೆ ಹಿಡಿಯುತ್ತದೆ. ಬಟ್ಟೆ ತುಂಬಿದ ಬೀರು, ಹಾಸಿಗೆ ಇರುವ ಮಲಗುವ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ, ಹಾಲ್‌ಗಿಂತ ಅದೇ ಮೇಲು. ಬ್ಲೂಟೂತ್ ಇಯರ್‌ಬಡ್‌ಗಿಂತ ತಂತಿಯ ಇಯರ್‌ಫೋನ್ ಒಳ್ಳೆಯದು: ಹಲವು ಬ್ಲೂಟೂತ್ ಸಾಧನಗಳಲ್ಲಿ ಮೈಕ್ ಚಾಲೂ ಆದ ಕೂಡಲೇ ಧ್ವನಿಯ ಗುಣಮಟ್ಟ ಇಳಿಯುತ್ತದೆ. ತಂತಿಯ ಮೈಕ್ ದುಪಟ್ಟಾಕ್ಕೆ ಉಜ್ಜದಂತೆ ಕ್ಲಿಪ್ ಹಾಕಿ. ಜೂಮ್, ಟೀಮ್ಸ್ ಎಲ್ಲ ಮುಚ್ಚಿ, ಅವು ಕ್ಯಾಮೆರಾ ಹಿಡಿದಿಟ್ಟುಕೊಂಡಿದ್ದರೆ ಬ್ರೌಸರ್‌ಗೆ ಅದು ಸಿಗುವುದಿಲ್ಲ. ವೇದಿಕೆಯಲ್ಲಿ ಅಭ್ಯಾಸದ ಪ್ರಶ್ನೆಗಳಿದ್ದರೆ ನಿಜವಾದ ಸಂದರ್ಶನ ಮಾಡುವ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಇಯರ್‌ಫೋನ್ ಹಾಕಿಕೊಂಡು ಮಾಡಿ. ಅಲ್ಲಿ ಮಾಡಿದ್ದು ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ ಎಂದು ಪರದೆಯ ಮೇಲೆ ಬರೆದಿದೆಯೇ ಎಂಬುದನ್ನು ಮೊದಲು ಓದಿಕೊಳ್ಳಿ.

ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಎಂಟನೇ ದಿನ ಮುಗಿಸಿ. ಗಡುವು ರಾತ್ರಿ 11:59 ಎಂದಿದ್ದರೆ ಅದು ಅವರ ಊರಿನ ಗಡಿಯಾರ. ಟೊರೊಂಟೊ ಸಮಯವಾದರೆ ನಮಗೆ ಮರುದಿನ ಬೆಳಗ್ಗೆ, ಅಲ್ಲಿನ ಬೇಸಿಗೆಯಲ್ಲಿ 9:29, ಚಳಿಗಾಲದಲ್ಲಿ 10:29. ವ್ಯಾಂಕೂವರ್ ಆದರೆ ಲೆಕ್ಕ ಬೇರೆ, ಇಮೇಲ್ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಆದ್ದರಿಂದ ಫೋನಿನ ಹಾಟ್‌ಸ್ಪಾಟ್ ಒಮ್ಮೆ ಜೋಡಿಸಿ ಪರೀಕ್ಷಿಸಿಟ್ಟಿರಿ. ಫೋನಿಗೆ ಕರೆ ಬಾರದಂತೆ ಮಾಡಿಕೊಳ್ಳಿ, ಕರೆ ಬಂದರೆ ಕೆಲವು ಫೋನ್‌ಗಳಲ್ಲಿ ಹಾಟ್‌ಸ್ಪಾಟ್ ಡೇಟಾ ನಿಂತುಬಿಡುತ್ತದೆ. ಇಷ್ಟಾಗಿಯೂ ಮಧ್ಯದಲ್ಲಿ ಸಂಪರ್ಕ ಕಡಿದರೆ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಎಷ್ಟು ಗಂಟೆಗೆ, ಯಾವ ಪ್ರಶ್ನೆಯಲ್ಲಿ ಏನಾಯಿತು ಎಂದು ಎರಡು ಸಾಲು ಬರೆದು ವೇದಿಕೆಯ ಸಹಾಯ ವಿಭಾಗಕ್ಕೂ ಪ್ರವೇಶ ಕಚೇರಿಗೂ ಆಗಲೇ ಇಮೇಲ್ ಮಾಡಿ. ಗಡುವಿಗೆ ಎರಡು ದಿನ ಇರುವಾಗ ಬಂದ ಅಂಥ ಇಮೇಲ್‌ಗೆ ಪ್ರಶ್ನೆಯನ್ನು ಮತ್ತೆ ತೆರೆದುಕೊಡಲು ಅವರಿಗೆ ಸಮಯವಾದರೂ ಇರುತ್ತದೆ.